ಎಲ್ಲರಿಗೂ ಕಳಿಸಿದ ಮೆಸೇಜಿಗೆ ನಿಮ್ಮೊಬ್ಬರ ಉತ್ತರ

ಪ್ರಶ್ನೆ: ವಾಹನಗಳ ಬಿಡಿಭಾಗ ತಯಾರಿಸುವ ಕಂಪನಿಯ ಕ್ವಾಲಿಟಿ ವಿಭಾಗದಲ್ಲಿ ಏಳು ವರ್ಷದಿಂದ ಇದ್ದೇನೆ. ರಿಕ್ರೂಟರ್‌ಗಳ ಮೆಸೇಜ್ ಆಗಾಗ ಬರುತ್ತದೆ, ಎಲ್ಲವೂ ಒಂದೇ ಅಚ್ಚಿನವು. ಮೊನ್ನೆ ಬಂದದ್ದು ಹೀಗಿದೆ: "ನಿಮ್ಮ ಪ್ರೊಫೈಲ್ ತುಂಬಾ ಹಿಡಿಸಿತು. ನಮ್ಮ ಪ್ರತಿಷ್ಠಿತ ಕ್ಲೈಂಟ್ ಕಂಪನಿಗೆ ಕ್ವಾಲಿಟಿ ಎಂಜಿನಿಯರ್ / ಮ್ಯಾನೇಜರ್ ಬೇಕಾಗಿದ್ದಾರೆ. ಅನುಭವ 4ರಿಂದ 12 ವರ್ಷ. ಸಪ್ಲೈಯರ್ ಕ್ವಾಲಿಟಿ, ಪಿಪಿಎಪಿ, 8ಡಿ ಗೊತ್ತಿರಬೇಕು. ಬೇಗ ಸೇರುವವರಿಗೆ ಆದ್ಯತೆ. ಆಸಕ್ತಿಯಿದ್ದರೆ ರೆಸ್ಯೂಮೆ ಕಳಿಸಿ." ಇಂಥದಕ್ಕೆ "ಇಂಟರೆಸ್ಟೆಡ್" ಎಂದು ಬರೆದು ರೆಸ್ಯೂಮೆ ಕಳಿಸಿದರೆ ಆಮೇಲೆ ಸದ್ದೇ ಇರುವುದಿಲ್ಲ. ಉತ್ತರಿಸುವುದೇ ದಂಡವೇ? ಇಲ್ಲವೆಂದರೆ ಏನು ಬರೆದರೆ ಮಾತು ಮುಂದುವರಿಯುತ್ತದೆ?

ಉತ್ತರ: ದಂಡವಲ್ಲ. ಇಂಥ ಮೆಸೇಜ್ ಕಳಿಸುವ ಬದಿಯಲ್ಲಿ ನಾನು ಬಹಳ ಕಾಲ ಕೂತು ಕೆಲಸ ಮಾಡಿದ್ದೇನೆ. ಅಚ್ಚು ಒಂದೇ ಆಗಿದ್ದರೂ ಅದರ ಹಿಂದೆ ನಿಜವಾದ ಖಾಲಿ ಹುದ್ದೆಯೊಂದು ಇರುವುದೇ ಹೆಚ್ಚು. ಆದರೆ ಆ ಹುದ್ದೆಗೂ ನಿಮಗೂ ನಡುವೆ ಇನ್ನೂ ಯಾರ ಆಲೋಚನೆಯೂ ಹಾದುಹೋಗಿಲ್ಲ. ನಿಮ್ಮ ಮೊದಲ ಉತ್ತರದ ಕೆಲಸ ಅದೇ: ಆ ರಿಕ್ರೂಟರ್ ಒಂದು ನಿಮಿಷ ನಿಂತು ನಿಮ್ಮ ಬಗ್ಗೆಯೇ ಯೋಚಿಸುವಂತೆ ಮಾಡುವುದು.

ಆ ಕಡೆ ಏನು ನಡೆದಿರುತ್ತದೆ ಎಂದು ಮೊದಲು ನೋಡೋಣ. ಕಂಪನಿಯ ಮ್ಯಾನೇಜರ್ ಒಬ್ಬರು ತಮಗೆ ಇಂಥವರು ಬೇಕು ಎಂದು ಹೇಳಿರುತ್ತಾರೆ. ಅದು ಒಂದು ಜಾಬ್ ಡಿಸ್ಕ್ರಿಪ್ಷನ್ ಆಗಿ ರಿಕ್ರೂಟರ್ ಕೈಗೆ ಬರುತ್ತದೆ. ರಿಕ್ರೂಟರ್ ಅದರಿಂದ ಮೂರೋ ನಾಲ್ಕೋ ಪದ ಹೆಕ್ಕಿ ಸರ್ಚ್‌ಗೆ ಹಾಕುತ್ತಾರೆ. ಆ ಪದಗಳಿರುವ ಪ್ರೊಫೈಲ್‌ಗಳ ಪಟ್ಟಿಯೊಂದು ತೆರೆದುಕೊಳ್ಳುತ್ತದೆ. ಮೇಲೆ ಮೇಲೆ ಕಣ್ಣಾಡಿಸಿ, ತೀರಾ ಹೊಂದದವರನ್ನು ಬಿಟ್ಟು, ಉಳಿದ ಎಲ್ಲರಿಗೂ ಒಂದೇ ಮೆಸೇಜ್ ಹೋಗುತ್ತದೆ. ಉತ್ತರ ಬಾರದವರಿಗೆ ಕೆಲವು ದಿನ ಬಿಟ್ಟು "ನನ್ನ ಹಿಂದಿನ ಮೆಸೇಜ್ ನೋಡಿದಿರಾ?" ಎಂಬ ಎರಡನೆಯದೂ ಅನೇಕ ಕಡೆ ತಾನಾಗಿಯೇ ಹೋಗುತ್ತದೆ. "ನಿಮ್ಮ ಪ್ರೊಫೈಲ್ ತುಂಬಾ ಹಿಡಿಸಿತು" ಎಂಬ ಸಾಲಿಗೆ ಅರ್ಥ ಹುಡುಕಬೇಡಿ. ಸರ್ಚ್‌ನಲ್ಲಿ ನಿಮ್ಮ ಹೆಸರು ಬಂತು ಎಂಬುದಷ್ಟೇ ಅದರ ತಾತ್ಪರ್ಯ. ಹಾಗೆಂದು ಬೇಸರಪಡುವುದೂ ಬೇಡ. ಒಬ್ಬ ರಿಕ್ರೂಟರ್ ಕೈಯಲ್ಲಿ ಏಕಕಾಲಕ್ಕೆ ಹಲವು ಹುದ್ದೆಗಳಿರುತ್ತವೆ. ಪ್ರತಿಯೊಬ್ಬರ ಪ್ರೊಫೈಲನ್ನೂ ಓದಿ ಬರೆಯಲು ಕೂತರೆ ಒಂದು ಹುದ್ದೆಯೂ ಮುಗಿಯುವುದಿಲ್ಲ. ಹಾಗಾಗಿ ಮೊದಲು ಬಲೆ ಬೀಸಿ, ಓದುವ ಕೆಲಸವನ್ನು ಉತ್ತರ ಬಂದವರಿಗೆ ಮೀಸಲಿಡುತ್ತಾರೆ.

ಈಗ ಉತ್ತರಗಳು ಬರತೊಡಗುತ್ತವೆ. ಬಹುಪಾಲು "ಇಂಟರೆಸ್ಟೆಡ್, ರೆಸ್ಯೂಮೆ ಲಗತ್ತಿಸಿದ್ದೇನೆ" ಎಂಬಂಥವು. ಇನ್ನು ಕೆಲವು "ಜೆಡಿ ಕಳಿಸಿ", "ಸಂಬಳ ಎಷ್ಟು?" ಎಂಬಂಥವು. ಇವುಗಳಲ್ಲಿ ಯಾವುದೂ ಒಂದಕ್ಕಿಂತ ಒಂದು ಬೇರೆಯಲ್ಲ. ನಿಮ್ಮ ರೆಸ್ಯೂಮೆ ಒಂದು ಫೋಲ್ಡರ್‌ಗೆ ಸೇರುತ್ತದೆ, ಬಿಡುವಾದಾಗ ನೋಡಿದರಾಯಿತು ಎಂದು. ಅಷ್ಟರಲ್ಲಿ ಮ್ಯಾನೇಜರ್‌ಗೆ ಕೊಡಬೇಕಾದ ಮೂರ್ನಾಲ್ಕು ಹೆಸರು ಸಿಕ್ಕಿಬಿಟ್ಟರೆ ಆ ಫೋಲ್ಡರನ್ನು ಯಾರೂ ತೆರೆಯುವುದಿಲ್ಲ. ನಿಮಗೆ ಎದುರಾದ ಮೌನದ ಬಹುಪಾಲು ಕಾರಣ ಇದು. ರೆಸ್ಯೂಮೆ ತಿರಸ್ಕಾರವಾಗಿರುತ್ತದೆ ಎಂದು ಜನ ನೊಂದುಕೊಳ್ಳುತ್ತಾರೆ; ನಿಜವಾಗಿ ಅದನ್ನು ಯಾರೂ ಓದಿಯೇ ಇರುವುದಿಲ್ಲ.

ಇನ್ನು ನಿಮಗೆ ಬಂದ ಮೆಸೇಜ್. ಅಚ್ಚಿನ ಮೆಸೇಜ್ ಕೂಡ ಬಾಯಿ ಬಿಡುತ್ತದೆ, ಎಲ್ಲಿ ನೋಡಬೇಕೆಂದು ಗೊತ್ತಿದ್ದರೆ. "ನಮ್ಮ ಕ್ಲೈಂಟ್" ಎಂದಿದ್ದಾರೆ, ಕಂಪನಿಯ ಹೆಸರಿಲ್ಲ. ಅಂದರೆ ಇವರು ಆ ಕಂಪನಿಯ ಸಿಬ್ಬಂದಿಯಲ್ಲ, ಏಜೆನ್ಸಿಯವರು. ಇಂಥ ಏಜೆನ್ಸಿಗಳಲ್ಲಿ ಹೆಚ್ಚಿನವಕ್ಕೆ ತಾವು ಕಳಿಸಿದ ವ್ಯಕ್ತಿ ಕೆಲಸಕ್ಕೆ ಸೇರಿದರೆ ಮಾತ್ರ ಶುಲ್ಕ ಸಿಗುತ್ತದೆ, ಅದೇ ಹುದ್ದೆಗೆ ಬೇರೆ ಏಜೆನ್ಸಿಗಳೂ ಹುಡುಕುತ್ತಿರಬಹುದು. ಹೆಸರು ಮುಚ್ಚಿಡುವುದು ನೀವು ನೇರವಾಗಿ ಕಂಪನಿಗೆ ಅರ್ಜಿ ಹಾಕಿಬಿಡಬಹುದು ಎಂಬ ಅಂಜಿಕೆಯಿಂದ. ಅದು ಅವರ ಹೊಟ್ಟೆಪಾಡು, ಮೋಸ ಎಂದುಕೊಳ್ಳಬೇಕಿಲ್ಲ.

"ಎಂಜಿನಿಯರ್ / ಮ್ಯಾನೇಜರ್" ಎಂಬ ಓರೆಗೆರೆಯನ್ನೂ "4ರಿಂದ 12 ವರ್ಷ" ಎಂಬ ಅಗಲವನ್ನೂ ಒಟ್ಟಿಗೆ ನೋಡಿ. ನಾಲ್ಕು ವರ್ಷದವರೂ ಹನ್ನೆರಡು ವರ್ಷದವರೂ ಒಂದೇ ಕುರ್ಚಿಯಲ್ಲಿ ಕೂರುವುದಿಲ್ಲ. ಹಾಗಾದರೆ ಎರಡರಲ್ಲಿ ಒಂದು: ಒಂದಕ್ಕಿಂತ ಹೆಚ್ಚು ಹುದ್ದೆಗಳನ್ನು ಒಂದೇ ಮೆಸೇಜಿನಲ್ಲಿ ಸುತ್ತಿ ಕಳಿಸಿದ್ದಾರೆ, ಇಲ್ಲವೇ ಎಂಥವರು ಬೇಕೆಂದು ಮ್ಯಾನೇಜರ್ ಇವರಿಗೆ ಸ್ಪಷ್ಟವಾಗಿ ಹೇಳಿಲ್ಲ. ಯಾವುದಾದರೂ ಸರಿ, ನಿಮಗೆ ಅದು ಒಳ್ಳೆಯ ಸುದ್ದಿ. ರಿಕ್ರೂಟರ್‌ಗೆ ಗೊತ್ತಿಲ್ಲದ, ಆದರೆ ಗೊತ್ತಾದರೆ ಅವರ ಕೆಲಸವೇ ಹಗುರಾಗುವ ಒಂದು ಸಂಗತಿ ಅಲ್ಲಿದೆ ಎಂದಾಯಿತು.

ಆ ಸಂಗತಿ ಯಾವುದು ಎನ್ನುವುದು ಹೊರಗಿನವರಿಗಿಂತ ನಿಮಗೇ ಚೆನ್ನಾಗಿ ಕಾಣಬೇಕು, ಏಕೆಂದರೆ ಅದು ನಿಮ್ಮ ಕಸುಬಿನೊಳಗಿನದು. ಪಿಪಿಎಪಿ ಎಂಬ ಪದವನ್ನೇ ತೆಗೆದುಕೊಳ್ಳಿ. ಹೊಸ ಬಿಡಿಭಾಗ ತಯಾರಿಕೆಗೆ ಹೋಗುವ ಮುಂಚೆ ಅದಕ್ಕೆ ಒಪ್ಪಿಗೆ ಪಡೆಯುವ ಕ್ರಮ ಅದು. ಈ ಪದ ಎರಡು ಬಗೆಯ ಜನರ ರೆಸ್ಯೂಮೆಯಲ್ಲಿ ಇರುತ್ತದೆ. ಒಬ್ಬರು ತಮ್ಮ ಕಾರ್ಖಾನೆಯ ಭಾಗಕ್ಕೆ ಕಡತ ಸಿದ್ಧಮಾಡಿ ಗ್ರಾಹಕ ಕಂಪನಿಗೆ ಸಲ್ಲಿಸುವವರು. ಇನ್ನೊಬ್ಬರು ಸಪ್ಲೈಯರ್‌ಗಳು ಸಲ್ಲಿಸಿದ ಕಡತ ಪರಿಶೀಲಿಸಿ, ಅವರ ಕಾರ್ಖಾನೆಗೆ ಹೋಗಿ ನೋಡಿ, ಒಪ್ಪಿಗೆ ಕೊಡುವವರು ಅಥವಾ ವಾಪಸ್ ಕಳಿಸುವವರು. ದಿನದ ಕೆಲಸ, ಓಡಾಟ, ಮಾತಾಡಬೇಕಾದ ಜನ, ಎಲ್ಲವೂ ಬೇರೆ ಬೇರೆ. ಆದರೆ ಸರ್ಚ್‌ಗೆ ಇಬ್ಬರೂ ಒಂದೇ. ಆ ರಿಕ್ರೂಟರ್ ಎದುರಿಗಿರುವ ಪಟ್ಟಿಯಲ್ಲಿ ಇಬ್ಬರೂ ಕಲಸಿಕೊಂಡಿದ್ದಾರೆ, ಮತ್ತು ಆ ವ್ಯತ್ಯಾಸ ಅವರಿಗೆ ಗೊತ್ತಿಲ್ಲದಿರುವ ಸಾಧ್ಯತೆಯೇ ಹೆಚ್ಚು. ನಿಮ್ಮ ಉತ್ತರವನ್ನು ಇದರ ಮೇಲೆ ಕಟ್ಟಿ.

ನೀವು ಎರಡನೆಯ ಬಗೆಯವರು ಎಂದಿಟ್ಟುಕೊಂಡು ನಾನು ಬರೆದು ತೋರಿಸುತ್ತೇನೆ. ನಿಮ್ಮ ಕೆಲಸ ಬೇರೆಯಾಗಿದ್ದರೆ ವಿವರ ಬದಲಿಸಿಕೊಳ್ಳಿ. ಮೆಸೇಜ್ ಯಾವ ಭಾಷೆಯಲ್ಲಿ ಬಂದಿದೆಯೋ ಅದೇ ಭಾಷೆಯಲ್ಲಿ ಉತ್ತರಿಸಿ.

> ನಮಸ್ಕಾರ. ಸಪ್ಲೈಯರ್ ಕ್ವಾಲಿಟಿ ಹುದ್ದೆಯ ಬಗ್ಗೆ ಬರೆದಿದ್ದಕ್ಕೆ ಧನ್ಯವಾದ. ನಾನು ಏಳು ವರ್ಷದಿಂದ ಕ್ವಾಲಿಟಿಯಲ್ಲಿದ್ದೇನೆ. ಅದರಲ್ಲಿ ಕೊನೆಯ ಮೂರು ವರ್ಷ ಕಾಸ್ಟಿಂಗ್ ಮತ್ತು ಮೆಷಿನಿಂಗ್ ಸಪ್ಲೈಯರ್‌ಗಳ ಪಿಪಿಎಪಿ ಪರಿಶೀಲಿಸಿ ಒಪ್ಪಿಗೆ ಕೊಡುವುದು, ದೂರು ಬಂದಾಗ ಅವರ 8ಡಿ ಮುಗಿಸಿಸುವುದು ನನ್ನ ಕೆಲಸ.
>
> ಒಂದು ವಿಷಯ ತಿಳಿಯಬೇಕಿತ್ತು. ಈ ಹುದ್ದೆಯಲ್ಲಿರುವವರು ಸಪ್ಲೈಯರ್‌ಗಳ ಪಿಪಿಎಪಿಗೆ ಒಪ್ಪಿಗೆ ಕೊಡಬೇಕೋ, ಅಥವಾ ಕಂಪನಿಯ ಪರವಾಗಿ ಗ್ರಾಹಕರಿಗೆ ಸಲ್ಲಿಸಬೇಕೋ? ಮೊದಲನೆಯದಾದರೆ ನನಗೆ ಖಂಡಿತ ಆಸಕ್ತಿಯಿದೆ.
>
> ಬುಧವಾರ ಅಥವಾ ಗುರುವಾರ ಸಂಜೆ ಆರರ ನಂತರ ಹತ್ತು ನಿಮಿಷ ಮಾತಾಡಬಹುದು. ಕಂಪನಿಯ ಹೆಸರು ಗೊತ್ತಾದ ದಿನವೇ ರೆಸ್ಯೂಮೆ ಕಳಿಸುತ್ತೇನೆ.

ಇಷ್ಟೇ. ಫೋನ್ ಪರದೆಯಲ್ಲಿ ಒಂದು ಸಲ ಬೆರಳಾಡಿಸಿದರೆ ಮುಗಿಯುವಷ್ಟಿದೆ. ಇದಕ್ಕಿಂತ ಉದ್ದವಾದರೆ ಆಮೇಲೆ ಓದೋಣ ಎಂದು ಪಕ್ಕಕ್ಕಿಡುತ್ತಾರೆ. ಮೊದಲ ಸಾಲಿನಲ್ಲೇ ಯಾವ ಹುದ್ದೆ ಎಂದು ಹೆಸರಿಸಿರುವುದನ್ನು ಗಮನಿಸಿ. ಕೈಯಲ್ಲಿ ಹಲವು ಹುದ್ದೆಗಳಿರುವವರಿಗೆ ಬರೀ "ಇಂಟರೆಸ್ಟೆಡ್" ಎಂದು ಬಂದರೆ, ಯಾವುದಕ್ಕೆ ಎಂದು ಹಿಂದಕ್ಕೆ ಹೋಗಿ ನೋಡಬೇಕಾಗುತ್ತದೆ.

ಅನುಭವದ ಸಾಲನ್ನು ಬರೆಯುವಾಗ ಜನ ಎಡವುವುದು ಒಂದೇ ರೀತಿಯಲ್ಲಿ. ಮೆಸೇಜಿನಲ್ಲಿರುವ ಪದಗಳನ್ನೇ ತಿರುಗಿಸಿ ಕೊಡುತ್ತಾರೆ: "ನನಗೆ ಸಪ್ಲೈಯರ್ ಕ್ವಾಲಿಟಿ, ಪಿಪಿಎಪಿ, 8ಡಿಯಲ್ಲಿ ಏಳು ವರ್ಷದ ಅನುಭವವಿದೆ" ಎಂದು. ಆ ಪದಗಳಿರುವುದರಿಂದಲೇ ನಿಮ್ಮನ್ನು ಹುಡುಕಿದ್ದು, ಅದನ್ನೇ ಹೇಳಿದರೆ ಅವರಿಗೆ ಹೊಸದೇನೂ ಸಿಗಲಿಲ್ಲ. ಏಳು ವರ್ಷದಲ್ಲಿ ಎಷ್ಟು ವರ್ಷ ಈ ಕೆಲಸ, ಯಾವ ಬಗೆಯ ಸಪ್ಲೈಯರ್‌ಗಳ ಜೊತೆ, ನಿಮ್ಮ ಕೈಯಲ್ಲಿದ್ದ ಅಧಿಕಾರ ಏನು ಎಂದು ಬಿಡಿಸಿ ಹೇಳಿದಾಗ ಮಾತ್ರ ಆ ಸಾಲು ನಿಮ್ಮೊಬ್ಬರದಾಗುತ್ತದೆ. ರಿಕ್ರೂಟರ್ ಆ ಸಾಲನ್ನು ಹಾಗೆಯೇ ಎತ್ತಿ ಮ್ಯಾನೇಜರ್‌ಗೆ ಕಳಿಸುವಂತಿರಬೇಕು. ಎಷ್ಟೋ ಸಲ ಹಾಗೆಯೇ ಕಳಿಸುತ್ತಾರೆ ಕೂಡ, ಹಾಗಾಗಿ ನಾಳೆ ಇಂಟರ್‌ವ್ಯೂನಲ್ಲಿ ನಿಲ್ಲದಂಥ ಮಾತು ಅಲ್ಲಿ ಬೇಡ.

ಈ ಉತ್ತರದ ಜೀವ ಇರುವುದು ಪ್ರಶ್ನೆಯಲ್ಲಿ. ಅದಕ್ಕೆ ಎರಡು ಪರಿಣಾಮಗಳಿವೆ. ರಿಕ್ರೂಟರ್‌ಗೆ ಉತ್ತರ ಗೊತ್ತಿದ್ದರೆ ತಕ್ಷಣ ಬರೆಯುತ್ತಾರೆ, ಏಕೆಂದರೆ ಒಂದೇ ಸಾಲಿನಲ್ಲಿ ಮುಗಿಯುವಂಥದ್ದು. ಅಲ್ಲಿಗೆ ಅಚ್ಚಿನ ಹೊರಗಿನ ಮೊದಲ ವಾಕ್ಯವನ್ನು ಅವರು ನಿಮಗಾಗಿ ಬರೆದಂತಾಯಿತು. ಗೊತ್ತಿಲ್ಲದಿದ್ದರೆ ಇನ್ನೂ ಒಳ್ಳೆಯದು. ಮ್ಯಾನೇಜರನ್ನು ಕೇಳಬೇಕಾಗುತ್ತದೆ. "ಒಬ್ಬ ಕ್ಯಾಂಡಿಡೇಟ್ ಹೀಗೆ ಕೇಳುತ್ತಿದ್ದಾರೆ, ಇದು ಒಪ್ಪಿಗೆ ಕೊಡುವ ಕೆಲಸವೋ ಸಲ್ಲಿಸುವುದೋ?" ಎಂದು ಕೇಳಿದಾಗ, ನಿಮ್ಮ ರೆಸ್ಯೂಮೆ ಅಲ್ಲಿಗೆ ಹೋಗುವ ಮುಂಚೆಯೇ ನಿಮ್ಮ ತಿಳಿವಳಿಕೆ ಅಲ್ಲಿಗೆ ಹೋಗಿರುತ್ತದೆ. ಕೆಲಸ ಬಲ್ಲ ಮ್ಯಾನೇಜರ್ ಆ ಪ್ರಶ್ನೆ ಕೇಳಿದ ತಕ್ಷಣ, ಇವರು ಕೆಲಸ ಗೊತ್ತಿದ್ದವರು ಎಂದು ಗುರುತಿಸುತ್ತಾರೆ. ರಿಕ್ರೂಟರ್‌ಗೂ ಲಾಭವೇ. ಅಲ್ಲಿಯವರೆಗೆ ಕಲಸಿಕೊಂಡಿದ್ದ ಪಟ್ಟಿಯನ್ನು ಎರಡು ಭಾಗ ಮಾಡಲು ಅವರಿಗೊಂದು ಗೆರೆ ಸಿಕ್ಕಿತು. ಹಾಗೆ ಗೆರೆ ಹಾಕಿಕೊಟ್ಟವರನ್ನು ರಿಕ್ರೂಟರ್‌ಗಳು ಮರೆಯುವುದಿಲ್ಲ, ನಾನಂತೂ ಮರೆಯುತ್ತಿರಲಿಲ್ಲ.

ಹಾಗಾಗಿ ಪ್ರಶ್ನೆ ಆರಿಸುವಾಗ ಎರಡು ಪರೀಕ್ಷೆ ಇಟ್ಟುಕೊಳ್ಳಿ. ಮೊದಲನೆಯದು, ಆ ಕೆಲಸ ಮಾಡಿದವರಿಗೆ ಮಾತ್ರ ಹೊಳೆಯುವ ಪ್ರಶ್ನೆಯೇ ಅದು? ಎರಡನೆಯದು, ಉತ್ತರ ಹೀಗೆ ಬಂದರೆ ನೀವು ಮುಂದುವರಿಯುತ್ತೀರಿ, ಹಾಗೆ ಬಂದರೆ ಇಲ್ಲ ಎನ್ನುವಂತಿದೆಯೇ? "ಕಂಪನಿಯ ವಾತಾವರಣ ಹೇಗಿದೆ?", "ಬೆಳವಣಿಗೆಗೆ ಅವಕಾಶವಿದೆಯೇ?" ಎಂಬವು ಎರಡರಲ್ಲೂ ಸೋಲುತ್ತವೆ. ಅವುಗಳಿಗೆ ಬರುವ ಉತ್ತರವೂ ಅಚ್ಚಿನದೇ ಆಗಿರುತ್ತದೆ. ಕಸುಬಿನೊಳಗಿನ ಪ್ರಶ್ನೆ ಸಿಗದಿದ್ದರೆ ಎಲ್ಲ ಕಡೆಯೂ ನಡೆಯುವ ಒಂದಿದೆ: "ಇದು ಹೊಸದಾಗಿ ಸೃಷ್ಟಿಯಾದ ಹುದ್ದೆಯೋ, ಯಾರೋ ಬಿಟ್ಟುಹೋದ ಜಾಗವೋ?" ಇದಕ್ಕೆ ಉತ್ತರ ಕೊಡಬಲ್ಲ ರಿಕ್ರೂಟರ್ ಮ್ಯಾನೇಜರ್ ಜೊತೆ ನಿಜವಾಗಿ ಮಾತಾಡಿದ್ದಾರೆ ಎಂದು ತಿಳಿಯಬಹುದು. ಏನೂ ಗೊತ್ತಿಲ್ಲ, ವಿಚಾರಿಸುವುದೂ ಇಲ್ಲ ಎನ್ನುವವರ ಕೈಯಲ್ಲಿ ಆ ಹುದ್ದೆ ಇದೆಯೋ ಇಲ್ಲವೋ ಎಂಬುದೇ ಅನುಮಾನ.

ಪ್ರಶ್ನೆ ಒಂದೇ ಇರಲಿ. ಒಂದು ಕೇಳಿದರೆ ಮಾತು, ಆರು ಕೇಳಿದರೆ ಅರ್ಜಿ ನಮೂನೆ. ಉಳಿದವಕ್ಕೆಲ್ಲ ಫೋನ್ ಕರೆ ಇದೆ.

ರೆಸ್ಯೂಮೆಯನ್ನು ಮೊದಲ ಉತ್ತರದಲ್ಲೇ ಏಕೆ ಲಗತ್ತಿಸಲಿಲ್ಲ ಎಂದು ನೀವು ಕೇಳಬಹುದು. ಕಂಪನಿಯದೇ ಎಚ್‌ಆರ್ ವಿಭಾಗದವರು ಬರೆದಿದ್ದರೆ ಧಾರಾಳವಾಗಿ ಲಗತ್ತಿಸಿ, ಅಲ್ಲಿ ತಡೆಹಿಡಿಯುವುದರಿಂದ ಏನೂ ಗಳಿಕೆಯಿಲ್ಲ. ಆದರೆ ಏಜೆನ್ಸಿಯ ವಿಷಯ ಬೇರೆ. ಒಂದೇ ಹುದ್ದೆಗೆ ಎರಡು ಏಜೆನ್ಸಿಗಳು ನಿಮ್ಮ ರೆಸ್ಯೂಮೆ ಸಲ್ಲಿಸಿದರೆ ಶುಲ್ಕ ಯಾರಿಗೆ ಸೇರಬೇಕು ಎಂಬ ತಕರಾರು ಹುಟ್ಟುತ್ತದೆ. ಮೊದಲು ಕಳಿಸಿದವರಿಗೆ ಹಕ್ಕು ಎಂಬುದು ಸಾಮಾನ್ಯ ರೂಢಿ, ಆ ಹಕ್ಕು ಕೆಲವು ತಿಂಗಳುಗಳ ಕಾಲ ಉಳಿಯುವುದೂ ಉಂಟು. ಕೆಲವು ಕಂಪನಿಗಳು ಈ ಜಗಳವೇ ಬೇಡವೆಂದು ಆ ಕ್ಯಾಂಡಿಡೇಟನ್ನೇ ಬದಿಗಿಡುತ್ತವೆ. ನಿಮಗೆ ಆ ಏಜೆನ್ಸಿಗಳ ಪೈಕಿ ಒಂದರ ಹೆಸರೂ ನೆನಪಿರುವುದಿಲ್ಲ, "ಇಂಟರೆಸ್ಟೆಡ್" ಎಂದು ಎಂದೋ ಕಳಿಸಿದ ಫೈಲ್ ಅದು, ಆದರೆ ಬಾಗಿಲು ಮುಚ್ಚುವುದು ನಿಮ್ಮ ಮುಖಕ್ಕೆ. ಅದಕ್ಕೇ ಕಂಪನಿಯ ಹೆಸರು ತಿಳಿಯದೆ ರೆಸ್ಯೂಮೆ ಬೇಡ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಹೆಸರನ್ನು ಬರವಣಿಗೆಯಲ್ಲಿ ಕೊಡಲು ಹಲವರು ಒಪ್ಪುವುದಿಲ್ಲ, ಫೋನಿನಲ್ಲಿ ಹೇಳುತ್ತಾರೆ. ಅಷ್ಟು ಸಾಕು. ಹೇಳಿದ ಮೇಲೆ, "ಈ ಕಂಪನಿಯ ಈ ಹುದ್ದೆಗೆ ಮಾತ್ರ ನನ್ನ ರೆಸ್ಯೂಮೆ ಸಲ್ಲಿಸಲು ಒಪ್ಪಿಗೆಯಿದೆ, ಬೇರೆಲ್ಲಿಗಾದರೂ ಕಳಿಸುವ ಮುನ್ನ ನನ್ನನ್ನು ಕೇಳಿ" ಎಂದು ಒಂದು ಸಾಲು ಬರೆದು, ಅದರ ಜೊತೆಗೇ ಫೈಲ್ ಕಳಿಸಿ. ತಾರೀಖು ಸಮೇತ ಆ ಮೆಸೇಜ್ ನಿಮ್ಮ ಬಳಿ ಉಳಿಯುತ್ತದೆ. ಆ ಕಂಪನಿಗೆ ನೀವಾಗಲೇ ಅರ್ಜಿ ಹಾಕಿದ್ದರೆ ಅದನ್ನು ಅಲ್ಲಿಯೇ ಹೇಳಿಬಿಡಿ. ಮುಚ್ಚಿಟ್ಟರೆ ಆಮೇಲೆ ಹೊರಬರುವುದು ಖಚಿತ.

ಹೀಗೆ ಬರೆದ ಮೇಲೆ ಆ ಕಡೆಯಿಂದ ಏನು ಬರಬಹುದು? ತಕ್ಷಣ ಕರೆ ಬಂದರೆ ಹೆಚ್ಚು ಹೇಳಬೇಕಿಲ್ಲ, ನೀವು ಬಯಸಿದ ಮಾತು ಶುರುವಾಗಿದೆ. ಕರೆಯಲ್ಲಿ ಮೊದಲು ಅವರ ಪ್ರಶ್ನೆಗಳು ಮುಗಿಯಲಿ, ಆಮೇಲೆ "ಈ ಹುದ್ದೆಗೆ ಈವರೆಗೆ ಕಳಿಸಿದವರಲ್ಲಿ ಮ್ಯಾನೇಜರ್‌ಗೆ ಏನು ಕೊರತೆ ಕಂಡಿತು?" ಎಂದು ಕೇಳಿ. ಜಾಬ್ ಡಿಸ್ಕ್ರಿಪ್ಷನ್‌ನಲ್ಲಿ ಇಲ್ಲದ ನಿಜವಾದ ಅಗತ್ಯ ಈ ಪ್ರಶ್ನೆಗೆ ಹೊರಬರುವಷ್ಟು ಬೇರೆ ಯಾವುದಕ್ಕೂ ಬರುವುದಿಲ್ಲ. "ಎಲ್ಲರೂ ಮೆಷಿನಿಂಗ್ ಬಲ್ಲವರು, ಕಾಸ್ಟಿಂಗ್ ದೋಷದ ಮೂಲ ಹುಡುಕಬಲ್ಲವರು ಸಿಗುತ್ತಿಲ್ಲ" ಎಂದು ಅವರು ಹೇಳಿದರೆ, ರೆಸ್ಯೂಮೆಯಲ್ಲಿ ಯಾವ ಸಾಲು ಮೇಲೆ ಬರಬೇಕೆಂದು ನಿಮಗೆ ಅಲ್ಲೇ ಗೊತ್ತಾಗುತ್ತದೆ.

ಹೆಚ್ಚಾಗಿ ಬರುವುದು ಕರೆಯಲ್ಲ, ಎರಡನೆಯ ಅಚ್ಚು. "ದಯವಿಟ್ಟು ಈ ವಿವರ ತುಂಬಿ ಕಳಿಸಿ" ಎಂದು: ಒಟ್ಟು ಅನುಭವ, ಸಂಬಂಧಪಟ್ಟ ಅನುಭವ, ಈಗಿನ ಸಂಬಳ, ನಿರೀಕ್ಷಿತ ಸಂಬಳ, ನೋಟಿಸ್ ಅವಧಿ, ಈಗಿರುವ ಊರು. ನಿಮ್ಮ ಪ್ರಶ್ನೆಗೆ ಉತ್ತರವೇ ಇರುವುದಿಲ್ಲ. ಜನ ಇಲ್ಲಿ ಎರಡು ತುದಿಗೆ ಹೋಗುತ್ತಾರೆ: ಒಬ್ಬರು ಸಿಟ್ಟಾಗಿ ಬಿಟ್ಟುಬಿಡುತ್ತಾರೆ, ಇನ್ನೊಬ್ಬರು ಎಲ್ಲವನ್ನೂ ತುಂಬಿ ಕಳಿಸಿ ಮತ್ತೆ ಮೌನಕ್ಕೆ ಕಾಯುತ್ತಾರೆ. ಎರಡೂ ಬೇಡ. ಆ ವಿವರಗಳನ್ನು ಕೇಳುವುದು ರಿಕ್ರೂಟರ್‌ನ ಸೋಮಾರಿತನದಿಂದಲ್ಲ. ಕ್ಲೈಂಟ್‌ಗೆ ಕಳಿಸುವ ಟ್ರ್ಯಾಕರ್ ಶೀಟ್‌ನ ಕಾಲಂಗಳು ಅವು; ಖಾಲಿ ಬಿಟ್ಟರೆ ಹೆಸರನ್ನು ಮುಂದೆ ದಾಟಿಸಲು ಆಗುವುದಿಲ್ಲ. ಹಾಗಾಗಿ ಅನುಭವ, ನೋಟಿಸ್ ಅವಧಿ, ಊರು ಇವನ್ನು ತುಂಬಿ. "ಸಂಬಂಧಪಟ್ಟ ಅನುಭವ" ಎಂಬಲ್ಲಿ ಬರೀ "3 ವರ್ಷ" ಎಂದು ಬರೆಯದೆ "3 ವರ್ಷ, ಪಿಪಿಎಪಿ ಒಪ್ಪಿಗೆ ಕೊಡುವ ಕಡೆ" ಎಂದು ಬರೆಯಿರಿ. ನಿಮ್ಮ ಪ್ರಶ್ನೆ ಹೀಗೆ ಮತ್ತೆ ಅವರ ಕಣ್ಣಿಗೆ ಬೀಳುತ್ತದೆ, ಕಾಲಂನ ಜೊತೆಗೇ ಕ್ಲೈಂಟ್‌ವರೆಗೂ ಹೋಗುತ್ತದೆ.

ಸಂಬಳದ ಎರಡು ಕಾಲಂ ಬಗ್ಗೆ ಸ್ವಲ್ಪ ನಿಲ್ಲಬೇಕು. ಹುದ್ದೆ ಎಂಜಿನಿಯರೋ ಮ್ಯಾನೇಜರೋ ಎಂದೇ ತೀರ್ಮಾನವಾಗದಾಗ ನೀವು ಒಂದು ಸಂಖ್ಯೆ ಬರೆದರೆ, ನೀವು ಯಾವ ಮಟ್ಟದವರು ಎಂಬುದನ್ನು ಆ ಸಂಖ್ಯೆಯೇ ತೀರ್ಮಾನಿಸಿಬಿಡುತ್ತದೆ. ಕಡಿಮೆ ಬರೆದರೆ ಎಂಜಿನಿಯರ್ ಸಾಲಿಗೆ ಸೇರಿಸುತ್ತಾರೆ, ಹೆಚ್ಚು ಬರೆದರೆ ಮಾತೇ ಆಡದೆ ಪಕ್ಕಕ್ಕಿಡುತ್ತಾರೆ. ಆದ್ದರಿಂದ ಆ ಜಾಗದಲ್ಲಿ, "ಈ ಹುದ್ದೆಗೆ ಮಂಜೂರಾಗಿರುವ ಸಂಬಳದ ವ್ಯಾಪ್ತಿ ತಿಳಿಸಿದರೆ, ಅದು ನನಗೆ ಹೊಂದುತ್ತದೋ ಇಲ್ಲವೋ ಇಂದೇ ಹೇಳುತ್ತೇನೆ" ಎಂದು ಬರೆಯಿರಿ. "ಇಂದೇ" ಎಂಬ ಪದ ಬಿಡಬೇಡಿ. ಸಂಬಳದ ಮಾತಿನಲ್ಲಿ ಕ್ಯಾಂಡಿಡೇಟ್ ನುಣುಚಿಕೊಳ್ಳುತ್ತಿದ್ದಾರೆ ಎಂಬ ಅನುಮಾನ ಅದರಿಂದ ಹೋಗುತ್ತದೆ. ಕೆಲವರು ಸಂಖ್ಯೆ ಇಲ್ಲದೆ ಮುಂದೆ ಹೋಗಲಾಗದು ಎಂದು ಪಟ್ಟು ಹಿಡಿಯುತ್ತಾರೆ. ಆಗ ಹೇಳಿ, ಆದರೆ ಮಟ್ಟದ ಜೊತೆ ಸೇರಿಸಿ ಹೇಳಿ: ಎಂಜಿನಿಯರ್ ಹುದ್ದೆಯಾದರೆ ಇಷ್ಟರಿಂದ, ತಂಡ ನಡೆಸುವ ಹುದ್ದೆಯಾದರೆ ಇಷ್ಟರಿಂದ ಎಂದು. ನಿರೀಕ್ಷೆ ಹೇಳಿದ ಮಾತ್ರಕ್ಕೆ ಈಗಿನ ಸಂಬಳವನ್ನೂ ಹೇಳಲೇಬೇಕೆಂದಿಲ್ಲ. ಹೇಳುವುದಾದರೆ ಸುಳ್ಳು ಮಾತ್ರ ಬೇಡ, ಸೇರುವಾಗ ಸಂಬಳದ ಚೀಟಿ ಕೇಳುವವರಿದ್ದಾರೆ.

ಏನೂ ಬಾರದಿದ್ದರೆ? ನಾಲ್ಕೈದು ಕೆಲಸದ ದಿನ ಬಿಟ್ಟು, ಹೊಸ ಮೆಸೇಜ್ ತೆರೆಯದೆ ಅದೇ ಎಳೆಯಲ್ಲಿ ಒಂದು ಸಾಲು ಬರೆಯಿರಿ. "ನೋಡಿದಿರಾ?" ಎಂಬುದಕ್ಕಿಂತ ಹೊಸದೇನನ್ನಾದರೂ ಸೇರಿಸಿದ್ದು ಕೆಲಸ ಮಾಡುತ್ತದೆ: "ಹಿಂದಿನ ಮೆಸೇಜಿನಲ್ಲಿ ಹೇಳಲು ಬಿಟ್ಟುಹೋಗಿತ್ತು, ನನ್ನ ನೋಟಿಸ್ ಅವಧಿ ಎರಡು ತಿಂಗಳು. ಹುದ್ದೆ ಇನ್ನೂ ತೆರೆದಿದೆಯೇ?" ಎಂಬಂತೆ. ಬೇಗ ಸೇರುವವರು ಬೇಕೆಂದಿದ್ದಾರೆ, ನಿಮ್ಮದು ಎರಡು ತಿಂಗಳಾದರೆ ಅವರಿಗೆ ಆಗುವುದಿಲ್ಲವೇನೋ. ಆದರೂ ಹೇಳುವುದೇ ಮೇಲು. ಅವಸರ ಎಂದು ಬರೆದ ಎಷ್ಟೋ ಹುದ್ದೆಗಳು ತಿಂಗಳುಗಟ್ಟಲೆ ತೆರೆದಿರುತ್ತವೆ. ಅದಕ್ಕೂ ಉತ್ತರವಿಲ್ಲವೆಂದರೆ ಬಿಟ್ಟುಬಿಡಿ. ಮೂರನೆಯದು ಬರೆಯುವುದರಿಂದ ಏನೂ ಬದಲಾಗುವುದಿಲ್ಲ. ಹುದ್ದೆ ತುಂಬಿರಬಹುದು, ಕಂಪನಿ ತಡೆಹಿಡಿದಿರಬಹುದು, ಆ ಏಜೆನ್ಸಿಯಿಂದ ಕೆಲಸ ಹಿಂದೆ ಪಡೆದಿರಬಹುದು. ಇವುಗಳಲ್ಲಿ ಯಾವುದನ್ನೂ ನಿಮಗೆ ತಿಳಿಸುವ ಪರಿಪಾಠ ಈ ವೃತ್ತಿಯಲ್ಲಿ ಬೆಳೆದಿಲ್ಲ. ಅದು ಬೆಳೆಯಬೇಕಿತ್ತು ಎಂದು ನನಗೆ ಇಂದಿಗೂ ಅನಿಸುತ್ತದೆ.

ಮೆಸೇಜ್ ಬಂದು ಕೆಲವು ದಿನ ಕಳೆದಿದೆ ಎಂದು ಹಿಂಜರಿಯಬೇಡಿ. ಒಂದೆರಡು ದಿನದೊಳಗೆ ಉತ್ತರಿಸಿದರೆ ಮೊದಲ ಪಟ್ಟಿಗೇ ಸೇರುತ್ತೀರಿ, ಅದು ನಿಜ. ಎರಡು ವಾರವಾಗಿದ್ದರೆ ಮೊದಲ ಸಾಲಿನಲ್ಲೇ "ಈ ಹುದ್ದೆ ಇನ್ನೂ ತೆರೆದಿದ್ದರೆ" ಎಂದು ಸೇರಿಸಿ ಅದೇ ಉತ್ತರ ಕಳಿಸಿ. ಮೊದಲು ಕಳಿಸಿದವರು ಇಂಟರ್‌ವ್ಯೂನಲ್ಲಿ ಉದುರಿ, ಎರಡನೆಯ ಸುತ್ತಿನ ಹುಡುಕಾಟ ಶುರುವಾಗುವ ಹೊತ್ತು ಅದು.

ಯಾರಿಗೆ ಉತ್ತರಿಸಬಾರದು ಎಂಬುದನ್ನೂ ಹೇಳಬೇಕು. ಇಂಟರ್‌ವ್ಯೂಗೆ, ನೋಂದಣಿಗೆ, ತರಬೇತಿಗೆ ಎಂದು ಯಾವ ಹೆಸರಿನಲ್ಲೇ ಆಗಲಿ ನಿಮ್ಮಿಂದ ಹಣ ಕೇಳಿದರೆ ಅಲ್ಲಿಗೆ ನಿಲ್ಲಿಸಿ. ಖಾಸಗಿ ಉದ್ಯೋಗ ಏಜೆನ್ಸಿಗಳು ಕೆಲಸಗಾರರಿಂದ ಶುಲ್ಕ ವಸೂಲಿ ಮಾಡಬಾರದು ಎಂಬುದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1997ರ 181ನೇ ಒಪ್ಪಂದದಲ್ಲಿರುವ ತತ್ವ. ನಿಜವಾದ ರಿಕ್ರೂಟರ್‌ಗೆ ಹಣ ಬರುವುದು ಕಂಪನಿಯಿಂದ. ಗುರುತಿನ ಚೀಟಿ, ಬ್ಯಾಂಕ್ ವಿವರಗಳಿಗೂ ಈ ಹಂತದಲ್ಲಿ ಕೆಲಸವಿಲ್ಲ. ಅನುಮಾನ ಬಂದರೆ, ಮೇಲೆ ಹೇಳಿದ ಕಸುಬಿನ ಪ್ರಶ್ನೆಯೇ ಒಳ್ಳೆಯ ಒರೆಗಲ್ಲು. ಮೋಸಗಾರರು ಅದಕ್ಕೆ ಉತ್ತರಿಸುವುದಿಲ್ಲ, ವಿಚಾರಿಸಿ ಹೇಳುತ್ತೇನೆ ಎನ್ನುವುದೂ ಇಲ್ಲ. ನೇರವಾಗಿ "ನೀವು ಆಯ್ಕೆಯಾಗಿದ್ದೀರಿ" ಎಂಬಲ್ಲಿಗೆ ಜಿಗಿಯುತ್ತಾರೆ.

ಉತ್ತರ ಬಂದು, ಹುದ್ದೆ ಗ್ರಾಹಕರಿಗೆ ಸಲ್ಲಿಸುವ ಕಡೆಯದು, ನಿಮಗೆ ಬೇಡದ್ದು ಎಂದು ತಿಳಿದರೂ ಸುಮ್ಮನಾಗಬೇಡಿ. ಲಿಂಕ್ಡ್‌ಇನ್‌ನಲ್ಲಿ ಇನ್‌ಮೇಲ್ ಎಂಬ ಪಾವತಿ ಮೆಸೇಜ್ ಕಳಿಸಿದವರಿಗೆ, ನೀವು 90 ದಿನದೊಳಗೆ ಉತ್ತರಿಸಿದರೆ ಅವರು ಖರ್ಚು ಮಾಡಿದ ಕ್ರೆಡಿಟ್ ವಾಪಸ್ ಸಿಗುತ್ತದೆ, ಉತ್ತರ "ಬೇಡ" ಎಂದಿದ್ದರೂ ಸಹ. ಹಾಗಾಗಿ ನಿಮ್ಮ ಇಲ್ಲ ಎಂಬ ಮಾತಿಗೂ ಅಲ್ಲಿ ಬೆಲೆಯಿದೆ. ಅದನ್ನು ಹೀಗೆ ಬರೆಯಿರಿ: "ವಿಚಾರಿಸಿ ತಿಳಿಸಿದ್ದಕ್ಕೆ ಧನ್ಯವಾದ. ಇದು ಸಲ್ಲಿಸುವ ಕಡೆಯ ಕೆಲಸವಾದ್ದರಿಂದ ನನಗೆ ಹೊಂದುವುದಿಲ್ಲ. ಸಪ್ಲೈಯರ್‌ಗಳ ಅಭಿವೃದ್ಧಿ, ಒಪ್ಪಿಗೆ, ಆಡಿಟ್ ಇರುವ ಹುದ್ದೆ ಬಂದರೆ ದಯವಿಟ್ಟು ಬರೆಯಿರಿ." ಸಲ್ಲಿಸುವ ಕೆಲಸದಲ್ಲಿ ನುರಿತ ಸಹೋದ್ಯೋಗಿ ಯಾರಾದರೂ ಇದ್ದರೆ, ಅವರನ್ನು ಕೇಳಿ, ಅವರು ಒಪ್ಪಿದರೆ ಹೆಸರು ಕೊಡಿ. ರಿಕ್ರೂಟರ್ ತಮ್ಮ ಟಿಪ್ಪಣಿಯಲ್ಲಿ ನಿಮ್ಮ ಹೆಸರಿನ ಮುಂದೆ "ಒಪ್ಪಿಗೆ ಕೊಡುವ ಕಡೆ, ಆಡಿಟ್" ಎಂದು ಬರೆದುಕೊಳ್ಳುತ್ತಾರೆ. ಅಂಥ ಹುದ್ದೆ ಕೈಗೆ ಬಂದ ದಿನ ಸರ್ಚ್ ಮಾಡುವ ಮೊದಲು ಅವರು ತೆರೆಯುವುದು ಆ ಟಿಪ್ಪಣಿಯನ್ನು.